ಹೇಳಿದ್ದನ್ನೇ ತಿರುಗಿ ಹೇಳಿದರೆ ಅಜ್ಜಿ ಯಾಕೆ ಎದ್ದು ಹೋದರು?

ಪ್ರಶ್ನೆ: ನಾನು ಶಿವಮೊಗ್ಗದ ಕಡೆಯವಳು. ಎಂಟು ತಿಂಗಳ ಹಿಂದೆ ಕೆಲಸದ ಮೇಲೆ ಬಾಗಲಕೋಟೆಯ ನವನಗರಕ್ಕೆ ಬಂದೆ. ಆಫೀಸಿನ ಒಂದು ತರಬೇತಿಯಲ್ಲಿ "ಎದುರಿನವರು ಹೇಳಿದ್ದನ್ನು ನಿಮ್ಮ ಮಾತಲ್ಲಿ ತಿರುಗಿ ಹೇಳಿ, ಆಮೇಲೆ ಪ್ರಶ್ನೆ ಕೇಳಿ, ಸಲುಗೆ ಬೆಳೆಯುತ್ತೆ" ಅಂದಿದ್ದರು. ಮನೆ ಮಾಲೀಕರ ತಾಯಿಯ ಜೊತೆ ಹಾಗೇ ಮಾಡಿದೆ. ಅಜ್ಜಿ ಹೇಳಿದ್ದು: "ಹಳೇ ಮನಿಯೊಳಗ ದೊಡ್ಡ ಪಡಸಾಲಿ ಇತ್ತವ್ವ. ಸಂಜಿಕ ಓಣಿ ಮಂದಿ ಎಲ್ಲಾ ಬಂದು ಕುಂದ್ರತಿದ್ರು. ಈಗ ಇಲ್ಲಿ ಯಾರ ಬರ್ತಾರ?" ನಾನು, "ಅಂದ್ರೆ ಹಳೇ ಮನೇಲಿ ದೊಡ್ಡ ಪಡಸಾಲೆ ಇತ್ತು, ಸಂಜೆ ಜನ ಬಂದು ಕೂರ್ತಿದ್ರು, ಈಗ ಯಾರೂ ಬರಲ್ಲ ಅಂತೀರಾ?" ಅಂದೆ. "ಅದನ್ನ ಹೇಳಿದೆನಲ್ಲ ಯವ್ವಾ" ಅಂದರು. ಬಿಡದೆ, "ಎಷ್ಟು ವರ್ಷ ಆಯ್ತು? ಮನೆ ದೊಡ್ಡದಿತ್ತಾ? ಪರಿಹಾರ ಬಂತಾ?" ಅಂತ ಕೇಳಿದೆ. "ಹಾಲ ಕಾಸಬೇಕು" ಅಂತ ಎದ್ದು ಹೋದರು. ಆಫೀಸಿನಲ್ಲೂ ಒಬ್ಬರು "ನೀವು ಪೊಲೀಸರ ಹಂಗ ಕೇಳ್ತೀರಿ" ಅಂದಿದ್ದಾರೆ. ನನಗೆ ನಿಜವಾಗಿಯೂ ಇವರನ್ನೆಲ್ಲ ತಿಳಿದುಕೊಳ್ಳುವ ಆಸೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಅಜ್ಜಿ ಮೂರು ಮಾತು ಹೇಳಿದ್ದಾರೆ. ಪಡಸಾಲಿ ಇತ್ತು ಅನ್ನೋದು ಒಂದು. ಮಂದಿ ಬಂದು ಕೂರುತ್ತಿದ್ದರು ಅನ್ನೋದು ಇನ್ನೊಂದು. ಈಗ ಯಾರು ಬರ್ತಾರ ಅನ್ನೋದು ಮೂರನೆಯದು. ನೀವು ಮೂರನ್ನೂ ಒಂದೇ ತೂಕದಲ್ಲಿ ಕಟ್ಟಿ ವಾಪಸ್ ಕೊಟ್ಟಿರಿ. ಆದರೆ ಅಜ್ಜಿ ಅವನ್ನು ಒಂದೇ ತೂಕದಲ್ಲಿ ಹೇಳಿರಲಿಲ್ಲ. ಮೊದಲ ಎರಡು ಮಾತು ಮೂರನೆಯದಕ್ಕೆ ಹಾಸಿದ ಚಾಪೆ. ಅವರ ಮನಸ್ಸು ಇದ್ದದ್ದು ಕೊನೆಯ ಮಾತಿನಲ್ಲಿ. ಅದು ಪ್ರಶ್ನೆಯ ರೂಪದಲ್ಲಿದೆ, ಆದರೆ ಪ್ರಶ್ನೆ ಅಲ್ಲ. ಅದಕ್ಕೆ ಉತ್ತರವೂ ಬೇಕಿರಲಿಲ್ಲ.

ತಿರುಗಿ ಹೇಳುವುದು ಅಂದರೆ ಪದ ಬದಲಿಸಿ ಒಪ್ಪಿಸುವುದು ಅಂತ ಎಷ್ಟೋ ತರಬೇತಿಗಳಲ್ಲಿ ಹೇಳಿಕೊಡುತ್ತಾರೆ. ನನಗೆ ಇದು ಬೇಸರದ ವಿಷಯ, ಯಾಕೆಂದರೆ ಇದನ್ನು ಶುರುಮಾಡಿದವರ ಉದ್ದೇಶ ಬೇರೆಯೇ ಇತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಮತ್ತು ರಿಚರ್ಡ್ ಫಾರ್ಸನ್ 1957ರಲ್ಲಿ ಈ ರೀತಿಯ ಆಲಿಸುವಿಕೆಯ ಬಗ್ಗೆ ಬರೆದರು. ಮುಂದೆ ಅದು ಗಿಳಿಪಾಠದ ಹಾಗೆ ಹಬ್ಬಿದ್ದನ್ನು ನೋಡಿ ರೋಜರ್ಸ್ ಅವರೇ ನೊಂದುಕೊಂಡರು. ತಾನು ಮಾಡುತ್ತಿರುವುದು ಪ್ರತಿಧ್ವನಿ ಅಲ್ಲ, ಎದುರಿನವರ ಒಳಗಿನ ಲೋಕ ನನಗೆ ಸರಿಯಾಗಿ ತಿಳಿಯಿತೋ ಇಲ್ಲವೋ ಅಂತ ಪರೀಕ್ಷೆ ಮಾಡಿಕೊಳ್ಳುವುದು ಅಂತ ಅವರು ಕೊನೆಗಾಲದಲ್ಲಿ ಸ್ಪಷ್ಟ ಮಾಡಿದರು. ಅಂದರೆ ಪರೀಕ್ಷೆ ಆಗಬೇಕಾದದ್ದು ಕೇಳುವವರ ತಿಳುವಳಿಕೆಗೆ. ಅಜ್ಜಿಯ ಮಾತಿಗಲ್ಲ.

ಹಾಗಾದರೆ ಅಜ್ಜಿಗೆ ಏನು ಹೇಳಬಹುದಿತ್ತು? ಮೊದಲು ಭಾರ ಎಲ್ಲಿದೆ ಅಂತ ನೋಡಿ. ಸಾಮಾನ್ಯವಾಗಿ ಅದು ಕೊನೆಯ ವಾಕ್ಯದಲ್ಲಿ ಇರುತ್ತದೆ. ಅಥವಾ ದನಿ ಇಳಿದ ಜಾಗದಲ್ಲಿ, ಇಲ್ಲವೇ ಎರಡು ಮೂರು ಸಲ ಬಂದ ಪದದಲ್ಲಿ. ಆ ಒಂದನ್ನೇ ಎತ್ತಿಕೊಳ್ಳಿ, ಉಳಿದದ್ದನ್ನು ಬಿಟ್ಟುಬಿಡಿ. ಅವರು ಹೇಳಿದ್ದಕ್ಕಿಂತ ನಿಮ್ಮ ಮಾತು ಚಿಕ್ಕದಿರಲಿ, ಅರ್ಧಕ್ಕಿಂತ ಕಡಿಮೆ ಇದ್ದರೆ ಇನ್ನೂ ಒಳ್ಳೇದು. ಮತ್ತೆ ಅವರು ಹೇಳದೇ ಬಿಟ್ಟ ಅರ್ಧ ಹೆಜ್ಜೆಯನ್ನು ನೀವು ಇಡಿ. ಒಂದು ಹೆಜ್ಜೆ ಬೇಡ, ಅರ್ಧ ಸಾಕು. "ಯಾರ ಬರ್ತಾರ" ಅಂದವರಿಗೆ "ಸಂಜೆ ಹೊತ್ತು ಹೋಗೋದು ಕಷ್ಟ" ಅಂದರೆ ಅರ್ಧ ಹೆಜ್ಜೆ. "ನೀವು ಒಳಗೊಳಗೇ ಕೊರಗ್ತಿದ್ದೀರಿ" ಅಂದರೆ ಅದು ಅವರ ಮನೆಯೊಳಗೆ ಕೇಳದೆ ನುಗ್ಗಿದ ಹಾಗೆ.

ಇನ್ನೊಂದು ಮಾತು. ಎಲ್ಲ ಪದಗಳನ್ನೂ ಬದಲಾಯಿಸಬೇಡಿ. ನೀವು "ಪಡಸಾಲಿ"ಯನ್ನು "ಪಡಸಾಲೆ" ಮಾಡಿದ್ದೀರಿ, "ಓಣಿ ಮಂದಿ"ಯನ್ನು "ಜನ" ಮಾಡಿದ್ದೀರಿ. ಓಣಿ ಮಂದಿ ಅಂದರೆ ಯಾರೋ ಜನ ಅಲ್ಲ. ನೀವಿರುವ ಊರಿನ ಕಥೆ ನಿಮಗೆ ಗೊತ್ತಿರಬಹುದು. ಆಲಮಟ್ಟಿಯ ಹಿನ್ನೀರು ಘಟಪ್ರಭೆಯ ಗುಂಟ ಹಿಂದಕ್ಕೆ ಬಂದು ಹಳೇ ಬಾಗಲಕೋಟೆಯ ತಗ್ಗಿನ ಓಣಿಗಳು ಮುಳುಗಡೆಗೆ ಹೋದವು. ಅಲ್ಲಿಯವರಿಗಾಗಿ ಕಟ್ಟಿದ್ದೇ ನವನಗರ. ಓಣಿಯಲ್ಲಿ ಹುಟ್ಟಿ ಬೆಳೆದವರು ಸೆಕ್ಟರ್ ನಂಬರಿನ ಮನೆಗೆ ಬಂದರು. ನಾನು ಮಾತಾಡಿದ ಎಷ್ಟೋ ಮನೆಗಳಲ್ಲಿ ಹಿರಿಯರು ಇವತ್ತಿಗೂ ಹೇಳುವುದು ಕಳೆದುಹೋದ ಗೋಡೆಗಳ ಬಗ್ಗೆ ಅಲ್ಲ, ಚದುರಿಹೋದ ಅಕ್ಕಪಕ್ಕದವರ ಬಗ್ಗೆ. ಆದ್ದರಿಂದ "ಓಣಿ" ಅನ್ನೋ ಪದವನ್ನು ಅವರ ಬಾಯಿಂದ ಬಂದ ಹಾಗೇ ಇಟ್ಟುಕೊಳ್ಳಿ. ಹಾಗಂತ ನೀವು ಇಲ್ಲಿನ ಧಾಟಿಯಲ್ಲೇ ಮಾತಾಡಬೇಕಿಲ್ಲ. ನಿಮ್ಮ ಶಿವಮೊಗ್ಗದ ಕನ್ನಡದಲ್ಲೇ ಮಾತಾಡಿ. ಬಲವಂತವಾಗಿ "ಐತಿ, ಬರ್ತೇತಿ" ಅಂದರೆ ಅಣಕಿಸಿದ ಹಾಗೆ ಕೇಳಬಹುದು. ಅವರ ಒಂದೋ ಎರಡೋ ಪದ ನಿಮ್ಮ ವಾಕ್ಯದಲ್ಲಿ ಹಾಗೇ ಉಳಿದರೆ ಸಾಕು.

ಈಗ ದನಿಯ ವಿಷಯಕ್ಕೆ ಬರೋಣ. ನಿಮ್ಮ ವಾಕ್ಯ "ಅಂತೀರಾ?" ಅಂತ ಮುಗಿದಿದೆ. ಆ ಒಂದು ದೀರ್ಘ "ಆ" ನಿಮ್ಮ ಇಡೀ ಮಾತನ್ನು ಪ್ರಶ್ನೆ ಮಾಡಿಬಿಟ್ಟಿತು. ಪ್ರಶ್ನೆ ಕೇಳಿದ ಮೇಲೆ ಎದುರಿನವರು ಉತ್ತರ ಕೊಡಲೇಬೇಕು. ಅದೂ ಹೌದು ಅಥವಾ ಇಲ್ಲ ಅಂತ ಕೊಡಬೇಕು. ಈಗಷ್ಟೇ ಹೇಳಿದ ಮಾತಿಗೆ ಮತ್ತೆ "ಹೌದು" ಅನ್ನಿಸಿಕೊಂಡರೆ ಯಾರಿಗಾದರೂ "ನನ್ನ ಮಾತು ಇವಳಿಗೆ ಕೇಳಿಸಲಿಲ್ಲವೇನೋ" ಅಥವಾ "ನಂಬಲಿಲ್ಲವೇನೋ" ಅನ್ನಿಸುತ್ತದೆ. ಅಜ್ಜಿಗೂ ಅನ್ನಿಸಿದ್ದು ಅದೇ.

ಕುಡಿತ ಬಿಡಿಸುವ ಸಮಾಲೋಚನೆಗಾಗಿ ವಿಲಿಯಂ ಮಿಲ್ಲರ್ ಮತ್ತು ಸ್ಟೀಫನ್ ರೋಲ್ನಿಕ್ ಬೆಳೆಸಿದ ಒಂದು ಪದ್ಧತಿ ಇದೆ. ನಮ್ಮ ಕ್ಷೇತ್ರದಲ್ಲಿ ತಿರುಗಿ ಹೇಳುವುದನ್ನು ಅದರಷ್ಟು ಬಿಡಿಸಿ ಕಲಿಸುವ ಪದ್ಧತಿ ಇನ್ನೊಂದನ್ನು ನಾನು ಕಂಡಿಲ್ಲ. ಅದರಲ್ಲಿ ಮೊದಲ ದಿನದ ಪಾಠವೇ ಇದು: ತಿರುಗಿ ಹೇಳುವ ಮಾತು ಹೇಳಿಕೆಯಾಗಿರಲಿ, ಕೊನೆಯಲ್ಲಿ ದನಿ ಇಳಿಯಲಿ. ಕನ್ನಡದಲ್ಲಿ ಇದನ್ನು ಹಿಡಿಯೋದು ಸುಲಭ. ವಾಕ್ಯದ ಬಾಲದಲ್ಲಿ "ಆ" ಅಥವಾ "ಏನು" ಸೇರಿಸಬೇಡಿ, ಅಷ್ಟೇ. "ಸಂಜೆ ಹೊತ್ತು ಹೋಗೋದು ಕಷ್ಟಾನಾ?" ಅಂದು ನೋಡಿ. ಆಮೇಲೆ "ಸಂಜೆ ಹೊತ್ತು ಹೋಗೋದು ಕಷ್ಟ" ಅಂತ ದನಿ ಇಳಿಸಿ ಅಂದು ನೋಡಿ. ಮೊದಲನೆಯದು ಅರ್ಜಿ ತುಂಬಿಸಿಕೊಂಡ ಹಾಗಿದೆ. ಎರಡನೆಯದು ಪಕ್ಕದಲ್ಲಿ ಕೂತ ಹಾಗಿದೆ.

ನೀವೀಗ ಇರುವ ಕಡೆ ಈ "ಏನು" ಬಹಳ ಚೆನ್ನಾಗಿ ಪಾಠ ಹೇಳುತ್ತದೆ. "ಆತೇನ್ರಿ?" ಮತ್ತು "ಏನಾತ್ರಿ?" ಎರಡನ್ನೂ ದಿನಾ ಕೇಳುತ್ತೀರಿ. ಎರಡರಲ್ಲೂ ಇರುವುದು ಅವೇ ಪದಗಳು. "ಏನು" ಬಾಲದಲ್ಲಿ ಬಂದರೆ ಬಾಗಿಲು ಮುಚ್ಚುತ್ತದೆ. "ಆತ್ರಿ" ಅಂದರೆ ಮುಗಿಯಿತು. "ಏನು" ತಲೆಯಲ್ಲಿ ಬಂದರೆ ಬಾಗಿಲು ತೆಗೆಯುತ್ತದೆ, ಎದುರಿನವರು ಏನಾದರೂ ಹೇಳಲೇಬೇಕು. "ಜಾತ್ರಿಗೆ ಹೋಗಿದ್ರೇನು?" ಅಂದರೆ ಒಂದು ಪದದ ಉತ್ತರ. "ಜಾತ್ರ್ಯಾಗ ಏನೇನ ನೋಡಿದ್ರಿ?" ಅಂದರೆ ಹತ್ತು ನಿಮಿಷದ ಉತ್ತರ. ತೆರೆದ ಪ್ರಶ್ನೆ, ಮುಚ್ಚಿದ ಪ್ರಶ್ನೆ ಅಂತ ಪುಸ್ತಕಗಳು ಹೇಳುವುದು ಇದನ್ನೇ.

ನಿಮ್ಮ ಮೂರು ಪ್ರಶ್ನೆಗಳಲ್ಲಿ "ದೊಡ್ಡದಿತ್ತಾ", "ಬಂತಾ" ಎರಡೂ ಬಾಲದ ಪ್ರಶ್ನೆಗಳು. "ಎಷ್ಟು ವರ್ಷ" ಅನ್ನೋದಕ್ಕೆ ಒಂದು ಅಂಕಿ ಹೇಳಿದರೆ ಮುಗಿಯಿತು. ಮನೆ ದೊಡ್ಡದಿತ್ತಾ ಅಂತ ಕೇಳಿದ್ದಂತೂ, ದೊಡ್ಡ ಪಡಸಾಲಿ ಇತ್ತು ಅಂತ ಅವರು ಹೇಳಿದ ಮೇಲೆ. ಆದರೆ ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಮೂರೂ ಪ್ರಶ್ನೆ ನಿಮ್ಮ ತಲೆಯಿಂದ ಬಂದವು. ಅಜ್ಜಿ ಪಡಸಾಲಿ, ಸಂಜೆ, ಓಣಿ ಮಂದಿ ಅಂದರು. ನೀವು ವರ್ಷ, ಅಳತೆ, ದುಡ್ಡು ಅಂದಿರಿ. ಅವರ ಎಳೆ ಕೈಬಿಟ್ಟು ಹೋಯಿತು. ಪರಿಹಾರದ ಮಾತಂತೂ ಮುಳುಗಡೆ ಆದ ಮನೆಗಳಲ್ಲಿ ಹುಣ್ಣಿನ ಮೇಲೆ ಕೈ ಇಟ್ಟ ಹಾಗೆ. ಮನೆಯವರಾಗೇ ಎತ್ತುವವರೆಗೆ ಹೊರಗಿನವರು ಅದನ್ನು ಎತ್ತಬಾರದು.

ಹಾರ್ವರ್ಡ್‌ನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೇ ವಿಷಯದ ಮೇಲಿದೆ. ಒಬ್ಬರಿಗೊಬ್ಬರು ಗೊತ್ತಿಲ್ಲದವರು ಮಾತಾಡುವಾಗ ಜಾಸ್ತಿ ಪ್ರಶ್ನೆ ಕೇಳಿದವರು ಎದುರಿನವರಿಗೆ ಜಾಸ್ತಿ ಹಿಡಿಸಿದರು. ಆದರೆ ಬಿಡಿಸಿ ನೋಡಿದಾಗ, ಹಿಡಿಸಲು ಮುಖ್ಯ ಕಾರಣವಾಗಿದ್ದು ಒಂದು ಬಗೆಯ ಪ್ರಶ್ನೆ: ಎದುರಿನವರು ಈಗಷ್ಟೇ ಹೇಳಿದ ಮಾತಿನಿಂದಲೇ ಹುಟ್ಟಿದ ಮುಂದಿನ ಪ್ರಶ್ನೆ. ಅದನ್ನು ಕೇಳಬೇಕಾದರೆ ಹಿಂದಿನ ಮಾತನ್ನು ಕಿವಿಗೊಟ್ಟು ಕೇಳಿಸಿಕೊಂಡಿರಲೇಬೇಕು. ಎದುರಿನವರಿಗೆ ಅದು ಗೊತ್ತಾಗುತ್ತದೆ. ಹಾಗಾಗಿ ನಿಮ್ಮ ಪ್ರಶ್ನೆ ಬಾಯಿಂದ ಹೊರಡುವ ಮೊದಲು ಒಂದು ಪರೀಕ್ಷೆ ಮಾಡಿ: ಅವರ ಕೊನೆಯ ಮಾತಿನ ಒಂದು ಪದವಾದರೂ ಇದರಲ್ಲಿ ಇದೆಯಾ? ಇಲ್ಲದಿದ್ದರೆ ಆ ಪ್ರಶ್ನೆ ಸದ್ಯಕ್ಕೆ ಬೇಡ.

"ಯಾಕೆ" ಅನ್ನೋ ಪದ ತೆರೆದ ಪ್ರಶ್ನೆಯ ವೇಷದಲ್ಲಿ ಬರುತ್ತದೆ, ಎಚ್ಚರ ಇರಲಿ. "ಯಾಕ ಹೋಗಲಿಲ್ರಿ?" ಅಂದ ತಕ್ಷಣ ಎದುರಿನವರು ಸಮಜಾಯಿಷಿ ಕೊಡಲು ಶುರುಮಾಡುತ್ತಾರೆ. ಚಿಕ್ಕಂದಿನಿಂದ ನಾವೆಲ್ಲ ಬೈಗುಳದ ಜೊತೆಗೇ ಕೇಳಿದ ಪದ ಅದು. "ಏನ ಅಡ್ಡ ಬಂತು?" ಅಂತ ಕೇಳಿದರೆ ಅದೇ ವಿಷಯ ತಿಳಿಯುತ್ತದೆ, ಆರೋಪ ಇರುವುದಿಲ್ಲ.

ಹಾಗೇ ತೀರಾ ಅಗಲವಾದ ಪ್ರಶ್ನೆಯೂ ಕೆಲಸ ಮಾಡುವುದಿಲ್ಲ. "ನಿಮಗೆ ಹೇಗೆ ಅನ್ನಿಸುತ್ತೆ?" ಅಂತ ತರಬೇತಿಯಲ್ಲಿ ಹೇಳಿಕೊಟ್ಟಿರುತ್ತಾರೆ. ಅಜ್ಜಿಗೆ ಹಾಗೆ ಕೇಳಿದರೆ "ಏನ ಅನಸ್ತೈತಿ, ಆರಾಮ ಅದೀವಿ" ಅಂತಾರೆ. ನಾನು ಈ ತಪ್ಪನ್ನು ಸ್ವಂತ ಮನೆಯಲ್ಲೇ ಮಾಡಿದ್ದೇನೆ. ಸಮಾಲೋಚನೆ ಕಲಿಯುತ್ತಿದ್ದ ಹೊಸದು. ಮುಧೋಳದ ಕಡೆ ಇರುವ ನನ್ನ ಸೋದರಮಾವ ಕಬ್ಬು ಕಳಿಸಿ ತಿಂಗಳುಗಟ್ಟಲೆ ಆಗಿತ್ತು, ಫ್ಯಾಕ್ಟರಿಯಿಂದ ಹಣ ಬಂದಿರಲಿಲ್ಲ. ಅವರು ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದರು. ನಾನು ಹೋಗಿ "ಮಾವಾ, ನಿಮಗ ಭಾಳ ಬ್ಯಾಸರ ಆದಂಗ ಕಾಣ್ತೈತಿ" ಅಂದೆ. ಅವರು ನನ್ನ ಕಡೆ ನೋಡಿ, "ಬ್ಯಾಸರ ಅಲ್ಲೋ, ಬಿಲ್ ಬಂದಿಲ್ಲ" ಅಂದು ಎದ್ದು ಹೊಲಕ್ಕೆ ಹೋದರು. ಅವರು ಹೇಳಿದ್ದು ಸರಿ. ನಾನು ಅವರ ಭಾವನೆಗೆ ಹೆಸರಿಡಲು ಹೋದೆ, ಆ ಭಾವನೆ ಹುಟ್ಟಿದ ಸಂಗತಿಯನ್ನು ಮುಟ್ಟಲಿಲ್ಲ. "ಇನ್ನೂ ಬಿಲ್ ಬಂದಿಲ್ಲ" ಅಂತಷ್ಟೇ ಅಂದು ಪಕ್ಕದಲ್ಲಿ ಕೂತಿದ್ದರೆ ಸಾಲ, ಗೊಬ್ಬರದ ಅಂಗಡಿ, ಮಗಳ ಫೀ ಎಲ್ಲ ತಾನಾಗಿ ಹೊರಗೆ ಬರುತ್ತಿತ್ತು. ನಮ್ಮ ಕಡೆ ಹಿರಿಯರು ಮನಸ್ಸನ್ನು ನೇರವಾಗಿ ಹೇಳುವುದು ಕಡಿಮೆ. ವಸ್ತು, ಜಾಗ, ಹೊತ್ತು, ಮನುಷ್ಯರ ಮೂಲಕ ಹೇಳುತ್ತಾರೆ. ನೀವೂ ಅವುಗಳ ಬಗ್ಗೆಯೇ ಕೇಳಿ.

ಈಗ ಆ ಸಂಜೆಯ ಮಾತುಕತೆ ಹೇಗೆ ಹೋಗಬಹುದಿತ್ತು ಅಂತ ನೋಡೋಣ. ಅಜ್ಜಿಯ ಮೊದಲ ಮಾತು ನಿಮ್ಮ ಪತ್ರದ್ದು. ಮುಂದಿನದನ್ನು ಇಂಥ ಮನೆಗಳಲ್ಲಿ ಕೇಳಿದ ಮಾತಿನ ಜಾಡು ಹಿಡಿದು ನಾನು ಬರೆದಿದ್ದೇನೆ.

ಅಜ್ಜಿ: "...ಈಗ ಇಲ್ಲಿ ಯಾರ ಬರ್ತಾರ?"

ನೀವು: "ಹೂಂ. ಈಗ ಸಂಜೆ ಒಬ್ಬರೇ ಕೂತಿರಬೇಕು."

ಅಜ್ಜಿ: "ಒಬ್ಬಾಕಿ ಅಂತೇನಿಲ್ಲವ್ವ. ಮಗ ಅದಾನ, ಸೊಸಿ ಅದಾಳ, ಮೊಮ್ಮಕ್ಕಳು ಅದಾವ. ಟಿ.ವಿ. ಮುಂದ ಕುಂದ್ರತಾರ."

ನೀವು: "ಮನೆ ತುಂಬ ಮಂದಿ ಇದ್ದಾರೆ. ಆ ಪಡಸಾಲಿ ಮಾತಿಲ್ಲ."

ಅಜ್ಜಿ: "ಹಾಂ, ಅದ ನೋಡ. ಮಾತ ಇಲ್ಲ."

ಇಲ್ಲಿ ನೀವು ಏನೂ ಹೇಳುವುದಿಲ್ಲ. ಸುಮ್ನೆ ಕೂತಿರುತ್ತೀರಿ.

ಅಜ್ಜಿ: "ಬ್ಯಾಸಗಿ ಬಂತಂದ್ರ ಐದಾರ ಮಂದಿ ಕೂಡಿ ಶ್ಯಾವಿಗಿ ಹೊಸೀತಿದ್ವಿ. ಕೈಗೆ ಒಂದು ಕೆಲಸ, ಬಾಯಿಗೆ ಒಂದು ಕೆಲಸ."

ನೀವು: "ಕೈ ಶ್ಯಾವಿಗಿ ಹೊಸೀತಿದ್ದಾಗ ಬಾಯಿಗೆ ಏನೇನು ಕೆಲಸ ಇರ್ತಿತ್ತು ಅಜ್ಜಿ?"

ಅಜ್ಜಿ: "ಯವ್ವಾ, ಅದನ್ನೇನ ಕೇಳ್ತಿ! ನಮ್ಮ ಬಾಜೂ ಮನ್ಯಾಕಿ ಹಾಡ ಹೇಳಾಕ ನಿಂತ್ಲಂದ್ರ ಮುಗೀತು. ಈಗ ಆಕಿ ಆ ಕಡೆ ಸೆಕ್ಟರ್‌ನಾಗ ಅದಾಳ. ಆಕಿಗೆ ಮೊಣಕಾಲ ಬ್ಯಾನಿ, ನನಗ ಕಣ್ಣ ಸರಿ ಕಾಣಂಗಿಲ್ಲ. ಎರಡು ವರ್ಷ ಆತು ಮಾರಿ ನೋಡಿ."

ನಿಮ್ಮ ಮೊದಲ ಊಹೆ ತಪ್ಪಿದ್ದನ್ನು ಗಮನಿಸಿ. ಒಬ್ಬರೇ ಇದ್ದಾರೆ ಅಂದಿರಿ, ಅಜ್ಜಿ ಅಲ್ಲ ಅಂದರು. ಆದರೆ ಮಾತು ನಿಲ್ಲಲಿಲ್ಲ, ಬದಲಿಗೆ ಅಲ್ಲಿಂದಲೇ ಬೆಳೆಯಿತು. ತಪ್ಪನ್ನು ತಿದ್ದುವಾಗ ಮನುಷ್ಯರು ತಮ್ಮ ವಿಷಯವನ್ನು ಇನ್ನೂ ನಿಖರವಾಗಿ ಹೇಳುತ್ತಾರೆ. ಅವರಿಗೆ ಜನ ಇಲ್ಲ ಅಂತಲ್ಲ, ಮಾತಿಲ್ಲ ಅಂತ ನಿಮಗೆ ತಿಳಿದದ್ದು ಆ ತಿದ್ದುಪಡಿಯಿಂದ. ಆದ್ದರಿಂದ ತಪ್ಪಾದೀತು ಅಂತ ಹೆದರಿ ಅವರದೇ ಮಾತನ್ನು ಪದಕ್ಕೆ ಪದ ಒಪ್ಪಿಸುವ ಅಗತ್ಯ ಇಲ್ಲ. ತಪ್ಪಿದಾಗ ಮಾತ್ರ ಹಟ ಹಿಡಿಯಬೇಡಿ. "ಇಲ್ಲ ಅಜ್ಜಿ, ನಿಮಗೆ ಒಂಟಿ ಅನ್ನಿಸೇ ಅನ್ನಿಸುತ್ತೆ" ಅಂದರೆ ಕೆಟ್ಟಿತು.

ಇಡೀ ಮಾತುಕತೆಯಲ್ಲಿ ನೀವು ಕೇಳಿದ್ದು ಒಂದೇ ಪ್ರಶ್ನೆ, ತಿರುಗಿ ಹೇಳಿದ್ದು ಎರಡು ಸಲ. ನಾನು ಮೊದಲು ಹೇಳಿದ ಪದ್ಧತಿಯಲ್ಲಿ ಒಳ್ಳೆಯ ಸಮಾಲೋಚಕರಿಗೆ ಇಡುವ ಅಳತೆಯೂ ಹೆಚ್ಚುಕಡಿಮೆ ಇಷ್ಟೇ: ಒಂದು ಪ್ರಶ್ನೆಗೆ ಎರಡು ತಿರುಗಿ ಹೇಳುವ ಮಾತು. ಪಕ್ಕದ ಮನೆಯ ಮಾತಿಗೆ ಲೆಕ್ಕ ಇಡಬೇಕಿಲ್ಲ, ಆದರೆ ಪ್ರಶ್ನೆಯ ಬೆನ್ನಿಗೆ ಪ್ರಶ್ನೆ ಬರಬಾರದು ಅನ್ನೋದನ್ನು ನೆನಪಿಡಿ. ಆಫೀಸಿನವರು ಪೊಲೀಸರ ಹೆಸರು ಎತ್ತಿದ್ದು ಇದಕ್ಕೇ. ಅವರು ಸೋಮವಾರ ಬಂದು "ನಿನ್ನೆ ಬನಶಂಕರಿ ಜಾತ್ರಿಗೆ ಹೋಗಿದ್ವಿ, ನಾಟಕ ನೋಡಿ ಮನಿ ಸೇರೂದ್ರಾಗ ಬೆಳಗಿನ ನಾಕು" ಅಂದರು ಅಂತಿಟ್ಟುಕೊಳ್ಳಿ. ಯಾರ ಜೊತೆ, ಬಸ್ಸಾ ಕಾರಾ, ಟಿಕೆಟ್ ಎಷ್ಟು ಅಂತ ಶುರುಮಾಡಿದರೆ ಅದು ವಿಚಾರಣೆ. "ನಾಕು ಗಂಟೆ ತನಕ! ನಾಟಕ ಹಿಡಿದು ಕೂರಿಸಿಬಿಟ್ಟಿದೆ" ಅಂದು ಬಿಡಿ. ಉಳಿದದ್ದನ್ನು ಅವರೇ ಹೇಳುತ್ತಾರೆ. ಹೇಳದಿದ್ದರೆ "ಅದರಲ್ಲಿ ಏನು ಹಿಡಿಸಿತು?" ಅಂತ ಒಂದೇ ಒಂದು ಪ್ರಶ್ನೆ.

ನಡುವೆ ಸುಮ್ನೆ ಕೂತಿದ್ದ ಜಾಗಕ್ಕೆ ಮತ್ತೆ ಬರುತ್ತೇನೆ. ಎಲ್ಲಕ್ಕಿಂತ ಕಷ್ಟ ಅದೇ. ಅಮೆರಿಕದ ಮೇರಿ ಬಡ್ ರೋ ಅನ್ನೋ ಶಿಕ್ಷಣ ಸಂಶೋಧಕಿ ಶಾಲೆಗಳಲ್ಲಿ ಇದನ್ನು ಅಳೆದು ನೋಡಿದ್ದರು. ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡಿನಷ್ಟೇ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು. ಉತ್ತರವೇ ಕೊಡದೆ ಇರುತ್ತಿದ್ದವರೂ ಬಾಯಿಬಿಟ್ಟರು. ಹಿರಿಯರ ಜೊತೆಯೂ ನಾನು ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಅವರ ಮಾತು ನಿಂತ ಮೇಲೆ ಮನಸ್ಸಿನಲ್ಲಿ ನಿಧಾನವಾಗಿ ಮೂರು ಎಣಿಸಿ. ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾ ಎಣಿಸಬೇಡಿ, ಅದು ಅವಸರ ಮಾಡಿದ ಹಾಗೆ. ಅವರು ನೋಡುವ ಕಡೆಗೇ ನೀವೂ ನೋಡುತ್ತಿರಿ. ಕೈಯಲ್ಲಿ ಮೆಂತೆ ಸೊಪ್ಪು ಬಿಡಿಸುವ ಕೆಲಸ ಇದ್ದರೆ ಇನ್ನೂ ಒಳ್ಳೇದು. ಪಕ್ಕ ಪಕ್ಕ ಕೂತು ಕೈಯಾಡಿಸುತ್ತಾ ಇದ್ದಾಗ ಮೌನ ಭಾರ ಅನ್ನಿಸುವುದಿಲ್ಲ.

ಮೌನದ ಜೊತೆ "ಹೂಂ" ಇರಲಿ. ಕಥೆ ಹೇಳುವವರು ಹೂಂಗುಟ್ಟುವವರು ಇದ್ದರೇನೇ ಮುಂದೆ ಹೇಳುತ್ತಿದ್ದರಲ್ವಾ, ಅದೇ ಹೂಂ. ಎಲ್ಲ ಮಾತಿಗೂ ಒಂದೇ ವೇಗದಲ್ಲಿ ಹೂಂ ಹೂಂ ಅಂದರೆ "ಬೇಗ ಮುಗಿಸಿ" ಅಂದ ಹಾಗಾಗುತ್ತದೆ. ಮಾತಿನ ತಿರುವಿನಲ್ಲಿ ಒಂದು ಸಾಕು. ಬರೀ ಹೂಂ ಮಾತ್ರವೂ ಸಾಲದು ಅನ್ನೋದಕ್ಕೆ ಪುರಾವೆ ಇದೆ. 2014ರಲ್ಲಿ ಹ್ಯಾರಿ ವೇಗರ್ ಮತ್ತು ಜೊತೆಗಾರರು ಮೊದಲ ಸಲ ಭೇಟಿಯಾಗುವವರ ಮೇಲೆ ಒಂದು ಅಧ್ಯಯನ ಮಾಡಿದರು. ಕೆಲವರಿಗೆ ಎದುರಿನವರು ಮಾತನ್ನು ತಮ್ಮ ಪದಗಳಲ್ಲಿ ತಿರುಗಿ ಹೇಳುತ್ತಾ, ಪ್ರಶ್ನೆ ಕೇಳುತ್ತಾ ಆಲಿಸಿದರು. ಕೆಲವರಿಗೆ ಸಲಹೆ ಕೊಟ್ಟರು. ಇನ್ನು ಕೆಲವರಿಗೆ ತಲೆಯಾಡಿಸಿ ಹೌದು ಹೌದು ಅಂದರು. "ನನ್ನನ್ನು ಅರ್ಥ ಮಾಡಿಕೊಂಡರು" ಅಂತ ಹೆಚ್ಚಾಗಿ ಅನ್ನಿಸಿದ್ದು ಮೊದಲ ಗುಂಪಿನವರಿಗೆ. ಆದರೆ ಮಾತುಕತೆಯ ಖುಷಿಯಲ್ಲಿ ಸಲಹೆ ಪಡೆದವರೇನೂ ಹಿಂದೆ ಬೀಳಲಿಲ್ಲ. ಈ ಎರಡನೆಯ ಭಾಗವನ್ನು ತರಬೇತಿಗಳಲ್ಲಿ ಹೇಳುವುದೇ ಇಲ್ಲ. ಸಲಹೆ ವಿಷವಲ್ಲ. ಅರ್ಥ ಮಾಡಿಕೊಳ್ಳುವ ಮೊದಲೇ ಕೊಟ್ಟ ಸಲಹೆ ಮಾತ್ರ ದಾರಿ ತಪ್ಪುತ್ತದೆ.

ಉದಾಹರಣೆಗೆ, ಎರಡು ವರ್ಷ ಆತು ಮಾರಿ ನೋಡಿ ಅಂದ ತಕ್ಷಣ "ನಾನು ಆಟೋದಲ್ಲಿ ಕರ್ಕೊಂಡು ಹೋಗ್ತೀನಿ ಬನ್ನಿ" ಅನ್ನಬೇಕು ಅನ್ನಿಸುತ್ತದೆ. ಒಳ್ಳೆಯ ಮನಸ್ಸು ಅದು. ಆದರೂ ಆ ಹೊತ್ತಿಗೆ "ಎರಡು ವರ್ಷ" ಅಂತ ಅಂದು ತಡೆಯಿರಿ. ಗೆಳತಿಯ ಬಗ್ಗೆ ಅವರಿಗೆ ಹೇಳುವುದು ಇನ್ನೂ ಇರುತ್ತದೆ. ನೀವು ಆಟೋ ಅಂದ ಕೂಡಲೇ ಮಾತು ಗೆಳತಿಯನ್ನು ಬಿಟ್ಟು ಆಟೋ ಬಾಡಿಗೆಗೆ ಹೋಗುತ್ತದೆ. ಕರೆದುಕೊಂಡು ಹೋಗುವ ಮಾತನ್ನು ಎರಡು ದಿನ ಬಿಟ್ಟು ಆಡಿ, ಮನೆಯವರನ್ನೂ ಕೇಳಿ.

ಇನ್ನೊಂದು ಸೆಳೆತ ನಿಮಗೆ ಖಂಡಿತ ಬರುತ್ತದೆ. ಲಿಂಗನಮಕ್ಕಿಯಿಂದ ಶರಾವತಿ ಕಣಿವೆಯ ಊರುಗಳು ಮುಳುಗಿದ ಕಥೆ ನಿಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. "ನಮ್ಮ ಕಡೆಯೂ ಹಾಗೇ ಆಯ್ತು ಅಜ್ಜಿ" ಅಂತ ನಾಲಿಗೆ ತುದಿಗೆ ಬಂದಿರುತ್ತದೆ. ಅದನ್ನು ಹೇಳಲೇಬಾರದು ಅಂತ ನಾನು ಅನ್ನುವುದಿಲ್ಲ. ನಿಮ್ಮ ಬಗ್ಗೆ ಏನೂ ಹೇಳದೆ ಬರೀ ಕೇಳುತ್ತಿದ್ದರೆ ಇಲ್ಲಿನವರಿಗೆ ಅದೂ ಸರಿ ಕಾಣುವುದಿಲ್ಲ. ಆದರೆ ಅಜ್ಜಿಯ ಮಾತು ಅರ್ಧದಲ್ಲಿದ್ದಾಗ ನಿಮ್ಮ ಕಥೆ ತೆಗೆದರೆ ಪಡಸಾಲಿ ನಿಮ್ಮದಾಗುತ್ತದೆ. ಅವರ ಮಾತು ದಡ ಮುಟ್ಟಿ "ನಿಮ್ಮ ಕಡೆ ಹೆಂಗವ್ವ?" ಅಂತ ಅವರೇ ಕೇಳುವವರೆಗೆ ಕಾಯಿರಿ. ಕೇಳೇ ಕೇಳುತ್ತಾರೆ. ಕೇಳಿದಾಗ ಮನಸ್ಸು ಬಿಚ್ಚಿ ಹೇಳಿ.

ಸರಿ ಹೋಗುತ್ತಿದೆಯೋ ಇಲ್ಲವೋ ಅಂತ ತಿಳಿಯೋದು ಹೇಗೆ ಅಂದರೆ, ಎರಡು ಗುರುತು ನೋಡಿಕೊಳ್ಳಿ. ನೀವು ಮಾತಾಡಿದ ಮೇಲೆ ಅವರ ಮುಂದಿನ ಮಾತು ಮೊದಲಿಗಿಂತ ಉದ್ದವಾಯಿತಾ, ಮತ್ತೆ ಅದರಲ್ಲಿ ನೀವು ಕೇಳದೇ ಇದ್ದ ಹೊಸ ಸಂಗತಿ ಬಂತಾ? "ಹಾಂ, ಅದ ನೋಡ" ಅಂದರೆ ನಿಮ್ಮ ಮಾತು ಸರಿಯಾದ ಜಾಗಕ್ಕೆ ಹೋಗಿ ಮುಟ್ಟಿದೆ. ಶ್ಯಾವಿಗೆಯ ಮಾತನ್ನು ನೀವು ಕೇಳಿರಲಿಲ್ಲ, ಅದು ತಾನಾಗಿ ಬಂತು. ಅದರ ಬದಲು ಅದೇ ವಾಕ್ಯವನ್ನು ಎರಡನೇ ಸಲ ಹೇಳಿದರೆ ನಿಮಗೆ ಅದು ತಲುಪಿಲ್ಲ ಅಂತ ಅವರಿಗೆ ಅನ್ನಿಸಿದೆ. "ಇರಲಿ ಬಿಡ್ರಿ" ಅಂದರೋ, ಹಾಲು, ನೀರು, ಚಹಾ ನೆನಪಾಯಿತೋ, ಅವತ್ತಿಗೆ ಸಾಕು. ಹಿಂದೆ ಬೀಳಬೇಡಿ.

ಈ ರೀತಿಯ ಆಲಿಸುವಿಕೆ ಎಲ್ಲ ಕಡೆಗೂ ಅಲ್ಲ. "ಇಳಕಲ್ ಬಸ್ಸು ಎಷ್ಟೊತ್ತಿಗೈತಿ?" ಅಂತ ಯಾರಾದರೂ ಕೇಳಿದರೆ ಟೈಮು ಹೇಳಿ. "ಏನ ಮಾಡ್ಲಿ ಹೇಳವ್ವ" ಅಂತ ಬಾಯಿಬಿಟ್ಟು ಸಲಹೆ ಕೇಳಿದಾಗ ತಿರುಗಿ ಹೇಳುತ್ತಾ ಕೂತರೆ ಅದು ಜಾರಿಕೊಂಡ ಹಾಗೆ. ಸೊಸೆ ಪಕ್ಕದಲ್ಲಿ ನಿಂತಿರುವಾಗ "ಮನೆಯಲ್ಲಿ ಮಾತಿಲ್ಲ" ಅನ್ನೋ ಎಳೆಯನ್ನು ಹಿಡಿದು ಎಳೆಯಬೇಡಿ, ಆ ಮನೆಯಲ್ಲಿ ನೀವು ಬಾಡಿಗೆಗೆ ಇರುವವರು, ನಾಳೆ ಅದು ಚಾಡಿಯಾಗಿ ತಿರುಗಬಹುದು. ಹಾಗೇ, ಅಜ್ಜಿ ಊಟ ಬಿಟ್ಟಿದ್ದಾರೆ, ನಿದ್ದೆ ಇಲ್ಲ, ಬದುಕೇ ಬೇಡ ಅನ್ನೋ ಮಾತು ಬರುತ್ತಿದೆ ಅಂತಾದರೆ ಅದು ನಿಮ್ಮ ಕಿವಿಯೊಂದರಿಂದ ಆಗುವ ಕೆಲಸ ಅಲ್ಲ. ಮಗನಿಗೆ ತಿಳಿಸಿ, ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಕರೆದುಕೊಂಡು ಹೋಗಲು ಹೇಳಿ.

ಅರ್ಧಕ್ಕೆ ನಿಂತ ಆ ಮಾತನ್ನು ಮತ್ತೆ ತೆಗೆಯುವುದು ಹೇಗೆ ಅನ್ನೋದೊಂದು ಬಾಕಿ. ಅವತ್ತಿನದಕ್ಕೆ ಕ್ಷಮೆ ಕೇಳುವುದು ಬೇಡ, ಅಜ್ಜಿಗೆ ಮುಜುಗರ ಆಗುತ್ತದೆ. ಒಂದು ಸಂಜೆ ಆಫೀಸು ಮುಗಿಸಿ ಬಂದು, ಅವರು ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದಾಗ ಪಕ್ಕದಲ್ಲಿ ಕೂತುಕೊಳ್ಳಿ. "ಅಜ್ಜಿ, ಅವತ್ತು ಪಡಸಾಲಿ ಮಾತು ಹೇಳ್ತಿದ್ರಿ. ಓಣಿ ಮಂದಿ ಬಂದು ಕೂರ್ತಿದ್ರು ಅಂದ್ರಿ" ಅನ್ನಿ. ದನಿ ಇಳಿಸಿ ಅನ್ನಿ, ಬಾಲದಲ್ಲಿ ಏನೂ ಸೇರಿಸಬೇಡಿ. ಆಮೇಲೆ ಮೂರು ಎಣಿಸಿ. ಅಜ್ಜಿ ಸುಮ್ಮನಿದ್ದರೆ ಇನ್ನೂ ಮೂರು ಎಣಿಸಿ.